ಬೆಣ್ಣೆ ದೋಸೆಯ ಪಲ್ಯದಲ್ಲಿ ಸಿಕ್ಕ ತಂತಿ

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥ ಹೊತ್ತಲ್ಲೇ ನಾಲ್ಕನೇ ಟೇಬಲ್‌ನಿಂದ ಒಬ್ಬರು ಜೋರಾಗಿ ಕರೆದರು. ಪಕ್ಕದಲ್ಲಿ ಐದಾರು ವರ್ಷದ ಮಗಳು. ತಟ್ಟೆಯಲ್ಲಿದ್ದ ಆಲೂಗಡ್ಡೆ ಪಲ್ಯ ತೋರಿಸಿ, "ಏನ್ರೀ ಇದು ಮ್ಯಾನೇಜರ್ರೇ, ಮಗು ನುಂಗಿದ್ರೆ ಏನ್ ಗತಿ?" ಎಂದರು. ಬಿಳಿ ಪಲ್ಯದ ನಡುವೆ ಹೊಳೆಯುವ ತಂತಿಯ ಎಳೆ.

ನಾನು ಮೊದಲು ಕೇಳಿದ್ದು ಮಗುವಿನ ಬಗ್ಗೆ. ಬಾಯಿಗೆ ಹೋಯ್ತಾ, ಎಲ್ಲಾದರೂ ಚುಚ್ಚಿತಾ? ಇಲ್ಲ, ಮುರಿದು ಕೊಡುವಾಗ ಅಪ್ಪನ ಕಣ್ಣಿಗೇ ಬಿದ್ದಿತ್ತು. ನುಂಗಿದ ಅನುಮಾನ ಇದ್ದಿದ್ದರೆ ಸೀದಾ ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕಿತ್ತು. ಬಾಳೆಹಣ್ಣು ತಿನ್ನಿಸಿ, ಇಳಿದು ಹೋಗುತ್ತೆ ಅನ್ನುವುದು ಕೂಡದು.

ಸರ್ವರ್ ಹುಡುಗ ಗಾಬರಿಯಲ್ಲಿ ತಟ್ಟೆ ಎತ್ತಲು ಬಂದ. ತಡೆದೆ. ಆ ತಟ್ಟೆ ತೊಟ್ಟಿಗೆ ಹೋದರೆ ತಂತಿ ಎಲ್ಲಿಂದ ಬಂತೆಂದು ಮತ್ತೆ ಗೊತ್ತಾಗುವುದಿಲ್ಲ. ಗ್ರಾಹಕರು ಫೋಟೋ ತೆಗೆದುಕೊಂಡರು, ನಾನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದೆ. ಅವರ ಎದುರಲ್ಲೇ ದೂರಿನ ಪುಸ್ತಕ ತೆರೆದೆ.

ಬರೆಯುವಾಗ ನಮ್ಮ ಊಹೆ ಬರೆಯಬಾರದು, ಕಂಡದ್ದನ್ನು ಬರೆಯಬೇಕು. "ಸಣ್ಣ ತಂತಿ ಸಿಕ್ಕಿತು" ಅಂತ ಬರೆದರೆ ಏನೂ ಬರೆದಂತಲ್ಲ. ನಾನು ಬರೆದದ್ದು: ಸಮಯ 9.10, ಟೇಬಲ್ 4, ಬಿಲ್ ನಂಬರ್. ಲೋಹದ ಎಳೆ, ಚಪ್ಪಟೆ, ಸುರುಳಿ ಸುತ್ತಿದೆ, ಸುಮಾರು 2 ಸೆಂ.ಮೀ. ಪಲ್ಯದ ಒಳಗಿತ್ತು, ದೋಸೆಗೆ ಅಂಟಿರಲಿಲ್ಲ. ಕಪ್ಪಾಗಿಲ್ಲ. ಬಾಯಿಗೆ ಹೋಗಿಲ್ಲ, ಗಾಯವಿಲ್ಲ. ಅವರು ಹೇಳಿದ ಮಾತನ್ನು ಅವರದೇ ಮಾತಿನಲ್ಲಿ ಬರೆದು, ಓದಿ ಹೇಳಿ, ಫೋನ್ ನಂಬರ್ ಮತ್ತು ಸಹಿ ತೆಗೆದುಕೊಂಡೆ. "ಮೇಲೆ ಕಂಪ್ಲೇಂಟ್ ಮಾಡ್ಬೇಕಂದ್ರೆ?" ಎಂದು ಕೇಳಿದರು. ಗೋಡೆಯ ಮೇಲಿನ ಎಫ್‌ಎಸ್‌ಎಸ್‌ಎಐ ಬೋರ್ಡ್, ಅದರಲ್ಲಿರುವ 14 ಅಂಕಿಯ ಲೈಸೆನ್ಸ್ ನಂಬರ್ ತೋರಿಸಿದೆ. ಅದು ಅವರ ಹಕ್ಕು. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಇಂಥದ್ದಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಬರೆದಿಟ್ಟ ಆ ನಾಲ್ಕು ಮಾತೇ ಅಡುಗೆಮನೆಯಲ್ಲಿ ದಾರಿ ತೋರಿಸಿದ್ದು. ಮಿಕ್ಸಿ ಬ್ಲೇಡಿನ ಚೂರಾದರೆ ದಪ್ಪಗೆ, ಗಟ್ಟಿಯಾಗಿರುತ್ತದೆ. ತಂತಿ ಬ್ರಷ್‌ನ ಕಡ್ಡಿಯಾದರೆ ನೆಟ್ಟಗಿರುತ್ತದೆ. ಚಪ್ಪಟೆಯಾಗಿ ಸುರುಳಿ ಸುತ್ತಿದ್ದರೆ ಬಹುಪಾಲು ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರೇ. ಕಾವಲಿ ಮೇಲೆ ಬಿದ್ದಿದ್ದರೆ ಕಪ್ಪಾಗಿ ದೋಸೆಗೆ ಕಚ್ಚಿಕೊಂಡಿರುತ್ತಿತ್ತು. ಹಾಗಾಗಿ ಪಲ್ಯದ ಪಾತ್ರೆಯನ್ನೇ ನೋಡಬೇಕಿತ್ತು.

ಆಗ ಬಳಸುತ್ತಿದ್ದದ್ದು ಎರಡನೇ ಪಾತ್ರೆ, ಒಂಬತ್ತಕ್ಕೆ ಸ್ವಲ್ಪ ಮುಂಚೆ ತೆರೆದದ್ದು. ಅದನ್ನು ನಿಲ್ಲಿಸಿದೆ. ಅದರಿಂದ ಹೋದ ದೋಸೆಗಳು ಯಾವ ಟೇಬಲ್‌ಗೆ ಅಂತ ಆರ್ಡರ್ ಚೀಟಿ ನೋಡಿ, ಒಂದೊಂದು ಟೇಬಲ್‌ಗೂ ಹೋಗಿ ವಿಷಯ ಹೇಳಿ ತಟ್ಟೆ ಬದಲಾಯಿಸಿದೆವು. ತಿಂದು ಮುಗಿಸಿದವರಿಗೂ ಹೇಳಿದೆವು. ಇಬ್ಬರು ಎದ್ದು ಹೋದರು. ಅದು ನಷ್ಟವೇ, ಆದರೂ ಮುಚ್ಚಿಡುವಂಥ ವಿಷಯವಲ್ಲ. ಉಳಿದ ಪಲ್ಯ ಪೂರ್ತಿ ಚೆಲ್ಲಿದೆವು. ಪಲ್ಯವನ್ನು ಸೋಸಲು ಆಗುವುದಿಲ್ಲ, ಕೈಯಾಡಿಸಿ ನೋಡಿದರೆ ಎಲ್ಲ ಎಳೆ ಸಿಕ್ಕವು ಅನ್ನುವ ಭರವಸೆಯೂ ಇರುವುದಿಲ್ಲ.

ಖಾಲಿ ಪಾತ್ರೆಯ ಒಳಗನ್ನು ಒದ್ದೆ ಬಿಳಿ ಬಟ್ಟೆಯಿಂದ ನಿಧಾನಕ್ಕೆ ಒರೆಸಿದೆವು. ಕಂಠದ ಅಂಚು ಒಳಕ್ಕೆ ಮಡಚಿದ ಕಡೆ ಬಟ್ಟೆ ಸಿಕ್ಕಿಕೊಂಡಿತು. ಟಾರ್ಚ್ ಬಿಟ್ಟು ನೋಡಿದರೆ ಅಂಥವೇ ಇನ್ನೆರಡು ಎಳೆ. ಸುಮ್ನೆ ನೀರು ಹಾಕಿ ತೊಳೆದರೆ ಅಲ್ಲಿಂದ ಬರುವುದೇ ಇಲ್ಲ. ಅಯಸ್ಕಾಂತವನ್ನೂ ನಂಬುವಂತಿಲ್ಲ, ಸ್ಟೀಲ್‌ನಲ್ಲಿ ಕೆಲವು ಬಗೆ ಅದಕ್ಕೆ ಸರಿಯಾಗಿ ಅಂಟುವುದಿಲ್ಲ.

ಪಾತ್ರೆ ತೊಳೆಯುವ ಅಕ್ಕನನ್ನು ಬೈಯದೆ ಕೇಳಿದೆ. "ರಾತ್ರಿ ಪಲಾವ್ ತಳ ಹಿಡಿದಿತ್ತು ಸಾರ್, ಜೋರಾಗಿ ಉಜ್ಜಿದೆ. ಸ್ಕ್ರಬ್ಬರ್ ಬಿಚ್ಚಿಕೊಂಡಿತ್ತು" ಎಂದರು. ಕಾರಣ ಪೂರ್ತಿ ಅಲ್ಲಿತ್ತು. ಬೈದಿದ್ದರೆ ಆ ಮಾತು ಹೊರಗೇ ಬರುತ್ತಿರಲಿಲ್ಲ.

ಅವತ್ತೇ ಅಡುಗೆಮನೆಯಲ್ಲಿದ್ದ ಸ್ಟೀಲ್ ಸ್ಕ್ರಬ್ಬರ್‌ಗಳನ್ನೆಲ್ಲ ತೆಗೆಸಿ, ಹಸಿರು ನೈಲಾನ್ ಪ್ಯಾಡ್ ತರಿಸಿದೆವು. ಅದೂ ಹರಿಯುತ್ತದೆ, ಆದರೆ ಬಿಳಿ ಪಲ್ಯದಲ್ಲಿ ಹಸಿರು ಚೂರು ಬೇಗ ಕಣ್ಣಿಗೆ ಬೀಳುತ್ತದೆ. ತಳ ಹಿಡಿದ ಪಾತ್ರೆಗೆ ಈಗ ರಾತ್ರಿಯೇ ಬಿಸಿನೀರು ತುಂಬಿಸಿಡುತ್ತೇವೆ. ಹಳೇ ಪ್ಯಾಡ್ ವಾಪಸ್ ಕೊಟ್ಟರೆ ಮಾತ್ರ ಹೊಸದು.

ಆ ಮೂರೂ ಎಳೆಗಳನ್ನು ಕವರಿಗೆ ಹಾಕಿ, ತಾರೀಖು ಬರೆದು, ಪುಸ್ತಕದ ಆ ಪುಟಕ್ಕೇ ಪಿನ್ ಮಾಡಿದೆ. ಸಂಜೆ ಗ್ರಾಹಕರಿಗೆ ಫೋನ್ ಮಾಡಿ ಮಗುವನ್ನು ವಿಚಾರಿಸಿ, ಏನು ಸಿಕ್ಕಿತು, ಎಲ್ಲಿಂದ ಬಂತು ಅಂತ ಹೇಳಿದೆ. "ಹುಡುಕಿ ಹೇಳಿದ್ರಲ್ಲ, ಆಯ್ತು ಬಿಡ್ರಿ" ಎಂದರು. ಅದನ್ನೂ ಸಮಯದ ಸಮೇತ ಬರೆದು, ಮಾಲೀಕರ ಸಹಿ ಹಾಕಿಸಿದೆ.