ಬಿಪಿ ಕಂಟ್ರೋಲ್‌ನಲ್ಲಿದ್ದರೂ ಶೀರ್ಷಾಸನಕ್ಕೆ ನಾನು ಏಕೆ ಒಪ್ಪುವುದಿಲ್ಲ

ಬಳ್ಳಾರಿಯಲ್ಲಿ ಯೋಗ ಹೇಳಿಕೊಡುವುದು ನನ್ನ ಕೆಲಸ. ತರಗತಿಗೆ ಬರುವವರಲ್ಲಿ ಹೆಚ್ಚಿನವರು 40 ದಾಟಿದವರು: ಅಂಗಡಿಯವರು, ಮೇಷ್ಟ್ರುಗಳು, ಜೀನ್ಸ್ ಘಟಕಗಳಲ್ಲಿ ದುಡಿಯುವವರು. ಹೊಸಬರು ಬಂದಾಗ ಚಾಪೆ ಹಾಸುವುದಕ್ಕೂ ಮೊದಲು ಬಿಪಿ ಮಷೀನ್ ಹೊರಗೆ ಬರುತ್ತದೆ. "ಯೋಗ ಕಲಿಯಾಕ ಬಂದೀವಿ, ದವಾಖಾನಿಗಲ್ಲ" ಎಂದು ಕೆಲವರಿಗೆ ಬೇಸರವಾಗುತ್ತದೆ. ಆದರೂ ಇದನ್ನು ನಾನು ಬಿಡುವುದಿಲ್ಲ. ಬಿಪಿ ಇದೆಯೆಂದು ಗೊತ್ತಿಲ್ಲದವರೇ ತಲೆಕೆಳಗಾಗಿ ನಿಲ್ಲಲು ಎಲ್ಲರಿಗಿಂತ ಮುಂದಿರುತ್ತಾರೆ.

ಒಬ್ಬರ ವಿಷಯ ಹೇಳುತ್ತೇನೆ. ಜೀನ್ಸ್ ಘಟಕವೊಂದರ ಕಟಿಂಗ್ ಮಾಸ್ಟರ್, ವಯಸ್ಸು 52. ಕೂದಲು ಉದುರುವುದು ನಿಲ್ಲುತ್ತದೆ ಎಂದು ಮೊಬೈಲ್‌ನಲ್ಲಿ ನೋಡಿ, ಮನೆಯ ಗೋಡೆಗೆ ಕಾಲು ಒರಗಿಸಿ ಶೀರ್ಷಾಸನ ಶುರು ಮಾಡಿದ್ದರು. ನನ್ನ ಬಳಿ ಬಂದಿದ್ದು ಹೊಸದಾಗಿ ಕಲಿಯಲು ಅಲ್ಲ, ತಿದ್ದಿಸಿಕೊಳ್ಳಲು. "ಮೇಡಂ, ಇಳಿದ ಮ್ಯಾಲ ತಲಿ ದಿಮ್ ಅಂತೈತಿ. ಕಣ್ಣು ಕೆಂಪಾಗ್ತಾವ. ನಾ ಮಾಡೋ ರೀತಿ ಎಲ್ಲೋ ತಪ್ಪೈತಿ, ಒಮ್ಮೆ ನೋಡಿ ಹೇಳ್ರಿ" ಎಂದರು.

ಅವರನ್ನು ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ತಾಗುವಂತೆ ಐದು ನಿಮಿಷ ಸುಮ್ಮನೆ ಕೂರಿಸಿದೆ. ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲಿಡಿಸಿದೆ. ಅರ್ಧ ಗಂಟೆಯೊಳಗೆ ಚಹಾ, ಬೀಡಿ, ಗುಟ್ಕಾ ಏನೂ ಆಗಿಲ್ಲವೆಂದು ಕೇಳಿ ಖಾತ್ರಿ ಮಾಡಿಕೊಂಡೆ. ಮೊದಲು 168/102 ಬಂತು. ಸ್ವಲ್ಪ ಬಿಟ್ಟು ಮತ್ತೆ ನೋಡಿದರೆ 164/100. ದವಾಖಾನೆಯಲ್ಲಿ 140/90 ದಾಟಿದ ಬಿಪಿ ಬೇರೆ ಬೇರೆ ದಿನಗಳಲ್ಲೂ ಹಾಗೆಯೇ ಬಂದರೆ ಅದನ್ನು ರಕ್ತದೊತ್ತಡದ ಕಾಯಿಲೆ ಎಂದು ಪರಿಗಣಿಸುತ್ತಾರೆ. ಅವರಿಗೆ ಇದರ ಸುಳಿವೇ ಇರಲಿಲ್ಲ.

ಇನ್ನೊಂದು ಸಂಗತಿಯೂ ಹೊರಬಿತ್ತು. ಹತ್ತಾರು ಪದರ ಡೆನಿಮ್ ಹಾಸಿ, ದಿನವಿಡೀ ಬಗ್ಗಿ ಮಷೀನ್ ಓಡಿಸುವ ಕೆಲಸ ಅವರದು. ಕುತ್ತಿಗೆ ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ದಿನಾ ಸಂಜೆ ನುಂಗುತ್ತಿದ್ದರು. ಡೈಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಉಪ್ಪು ಮತ್ತು ನೀರನ್ನು ದೇಹದಲ್ಲೇ ಉಳಿಯುವಂತೆ ಮಾಡಿ ಬಿಪಿ ಏರಿಸಬಲ್ಲವು. ಜೊತೆಗೆ ನಮ್ಮೂರಿನ ಒಗ್ಗಾಣಿ–ಮಿರ್ಚಿ, ಉಪ್ಪಿನಕಾಯಿ. ಶೀರ್ಷಾಸನ ನಿಲ್ಲಿಸಿ ಮೊದಲು ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸಿದೆ. ಡಾಕ್ಟರು ಮತ್ತೆ ಮತ್ತೆ ಪರೀಕ್ಷಿಸಿ ಬಿಪಿ ಮಾತ್ರೆ ಶುರು ಮಾಡಿದರು, ನೋವಿನ ಮಾತ್ರೆ ಬಿಡಿಸಿದರು.

ಕೆಲವು ವಾರಗಳಾದ ಮೇಲೆ ಅವರ ಬಿಪಿ 134/84ಕ್ಕೆ ಇಳಿಯಿತು. ಅವತ್ತೇ ಕೇಳಿದರು: "ಈಗ ಕಂಟ್ರೋಲ್‌ನಾಗ ಐತಲ್ರಿ ಮೇಡಂ, ಇನ್ನೇನು ಅಡ್ಡಿ?" ನನ್ನ ಕೆಲಸದಲ್ಲಿ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದು. ಇದಕ್ಕೆ ಸರಿಯಾದ ಉತ್ತರ ಕೊಡದೆ ಬರೀ "ಬೇಡ" ಅಂದರೆ ಮನೆಗೆ ಹೋಗಿ ಮಾಡೇ ಮಾಡುತ್ತಾರೆ.

ಮಷೀನ್ ತೋರಿಸುವ ಅಂಕಿ ತೋಳಿನದ್ದು, ಅಂದರೆ ಎದೆಯ ಮಟ್ಟದ್ದು. ತಲೆಯೊಳಗಿನ ಒತ್ತಡ ಅಷ್ಟೇ ಇರುವುದಿಲ್ಲ. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕೆಳಗಿನ ನಲ್ಲಿಯಲ್ಲಿ ಜೋರಾಗಿಯೂ ಮೇಲಿನ ನಲ್ಲಿಯಲ್ಲಿ ಸಣ್ಣಗೂ ಬರುತ್ತದಲ್ಲ, ರಕ್ತಕ್ಕೂ ಅದೇ ನಿಯಮ. ಹೃದಯದಿಂದ ಮಿದುಳಿನವರೆಗೆ ಸುಮಾರು 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅಷ್ಟು ಎತ್ತರದ ರಕ್ತದ ಭಾರ ಹೆಚ್ಚುಕಡಿಮೆ 23 ಪಾಯಿಂಟ್. ನೆಟ್ಟಗೆ ಕೂತಾಗ ತಲೆಗೆ ತಲುಪುವ ಒತ್ತಡ ತೋಳಿನದಕ್ಕಿಂತ ಅಷ್ಟು ಕಡಿಮೆ. ತಲೆಕೆಳಗಾದಾಗ ಅಷ್ಟೇ ಹೆಚ್ಚು. ಮಾಸ್ಟರ್ ಅವರ 134ನ್ನು ತೆಗೆದುಕೊಂಡರೆ, ಕೂತಾಗ ತಲೆಯಲ್ಲಿ 111ರ ಆಸುಪಾಸು, ದೇಹ ಬೇರೇನೂ ಸರಿಹೊಂದಿಸಿಕೊಳ್ಳದಿದ್ದರೆ ಶೀರ್ಷಾಸನದಲ್ಲಿ 157. ಮಾತ್ರೆ ಇಲ್ಲದೆ ಗೋಡೆಗೆ ಕಾಲು ಒರಗಿಸುತ್ತಿದ್ದ ದಿನಗಳ 168ಕ್ಕೆ ಇದೇ ಲೆಕ್ಕ ಹಾಕಿದರೆ 191. ಮೇಲಿಂದ ಭುಜ, ಹೊಟ್ಟೆ ಬಿಗಿಹಿಡಿದ ಶ್ರಮ ಬೇರೆ. ಹೊಸಬರು ಬೀಳುವ ಭಯಕ್ಕೆ ಉಸಿರು ಕಟ್ಟುತ್ತಾರೆ, ಆಗ ಇನ್ನಷ್ಟು ಏರುತ್ತದೆ.

ಆರೋಗ್ಯವಂತರು ಇದನ್ನು ಹೇಗೆ ತಡೆದುಕೊಳ್ಳುತ್ತಾರೆ ಎಂದರೆ, ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಒತ್ತಡ ಏರಿದ್ದನ್ನು ಗುರುತಿಸುವ ನರಗಳಿವೆ. ಅವು ಕೂಡಲೇ ಹೃದಯದ ಬಡಿತ ತಗ್ಗಿಸಿ, ರಕ್ತನಾಳಗಳನ್ನು ಸಡಿಲಿಸುತ್ತವೆ. ತಲೆಬುರುಡೆಯೊಳಗಿನ ದ್ರವದ ಒತ್ತಡವೂ ಜೊತೆಯಲ್ಲೇ ಏರಿ ಮಿದುಳಿನ ರಕ್ತನಾಳಗಳಿಗೆ ಹೊರಗಿನಿಂದ ಆಸರೆಯಾಗುತ್ತದೆ. "ಶೀರ್ಷಾಸನದಿಂದ ಬಿಪಿ ಇಳಿಯುತ್ತದೆ" ಎಂಬ ಮಾತು ಹುಟ್ಟಿದ್ದೂ ಕುತ್ತಿಗೆಯ ಈ ನರಗಳ ಕೆಲಸದಿಂದಲೇ. ಆದರೆ ಬಹಳ ದಿನ ಬಿಪಿ ಏರಿಯೇ ಇದ್ದವರಲ್ಲಿ ಆ ನರಗಳು ಏರಿದ ಮಟ್ಟಕ್ಕೇ ಒಗ್ಗಿಹೋಗಿರುತ್ತವೆ. ಏರಿಳಿತಕ್ಕೆ ಮಂದವಾಗಿ ಸ್ಪಂದಿಸುತ್ತವೆ. ರಕ್ತನಾಳಗಳ ಗೋಡೆಯೂ ಗಡುಸಾಗಿರುತ್ತದೆ. ಮಾತ್ರೆ ತೋಳಿನ ಅಂಕಿಯನ್ನು ಇಳಿಸುತ್ತದೆ ನಿಜ, ವರ್ಷಗಟ್ಟಲೆ ಆದ ಈ ಬದಲಾವಣೆಯನ್ನು ಕೆಲವೇ ವಾರಗಳಲ್ಲಿ ಹಿಂದಕ್ಕೆ ತಿರುಗಿಸುವುದಿಲ್ಲ. ಬಿಪಿ ಇದ್ದವರು ಶೀರ್ಷಾಸನ ಹಾಕಿದರೆ ಎಲ್ಲರಿಗೂ ಸ್ಟ್ರೋಕ್ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಯಾರ ರಕ್ತನಾಳ ತಡೆಯುತ್ತದೆ, ಯಾರದು ತಡೆಯುವುದಿಲ್ಲ ಎಂದು ಹೊರಗಿನಿಂದ ನೋಡಿ ಹೇಳುವ ದಾರಿ ಯೋಗದ ಹಾಲ್‌ನಲ್ಲಿಲ್ಲ. ಕೂದಲಿಗಾಗಿ ಅಂಥ ಪರೀಕ್ಷೆಗೆ ಇಳಿಯುವುದು ನನಗೆ ಒಪ್ಪಿಗೆಯಿಲ್ಲ.

ಇಳಿಯುವಾಗಿನ ಅಪಾಯದ ಬಗ್ಗೆ ಮಾತಾಡುವವರು ಕಡಿಮೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಮುಖ್ಯ. ಅಮ್ಲೋಡಿಪಿನ್ ರಕ್ತನಾಳ ಹಿಗ್ಗಿಸುತ್ತದೆ, ಅಟೆನೊಲಾಲ್ ಬಡಿತ ನಿಧಾನ ಮಾಡುತ್ತದೆ, ನೀರಿನ ಮಾತ್ರೆ ದೇಹದ ನೀರು ಇಳಿಸುತ್ತದೆ. ತಲೆಕೆಳಗಿದ್ದವರು ಥಟ್ಟನೆ ಎದ್ದು ನಿಂತರೆ ರಕ್ತ ಕಾಲಿಗೆ ಇಳಿಯುತ್ತದೆ, ಅದನ್ನು ಸರಿದೂಗಿಸಲು ದೇಹಕ್ಕೆ ಸಮಯ ಸಾಲದು. ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯಿಡೀ ಬೆವರಿ, ಬೆಳಿಗ್ಗೆ ಒಂದು ಲೋಟ ನೀರೂ ಕುಡಿಯದೆ ಬರುವವರಲ್ಲಿ ಇದು ಬೇಗ ಕಾಣಿಸುತ್ತದೆ.

ಕಣ್ಣಿನ ಮಾತನ್ನೂ ಮಾಸ್ಟರ್‌ಗೆ ಹೇಳಿದೆ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅಳತೆ ಮಾಡಿ ಕಂಡುಕೊಂಡಿದ್ದಾರೆ. ಗ್ಲುಕೋಮಾ ಇದ್ದವರಿಗೂ ಬಿಪಿ ಅಥವಾ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಯ ರಕ್ತನಾಳ ಹಾಳಾದವರಿಗೂ ಇದು ಬೇಡವೇ ಬೇಡ.

ಶೀರ್ಷಾಸನಕ್ಕೆ ಬೇಡ ಎಂದೊಡನೆ "ಹಂಗಾದ್ರ ಸೂರ್ಯನಮಸ್ಕಾರ ಮಾಡ್ತೀನಿ" ಎಂದರು. ಬಹಳ ಜನ ಎಡವುವುದು ಇಲ್ಲೇ. ನಾವು ಹೇಳಿಕೊಡುವ 12 ಹಂತದ ಸೂರ್ಯನಮಸ್ಕಾರದಲ್ಲಿ ಪಾದಹಸ್ತಾಸನ ಎರಡು ಸಲ, ಪರ್ವತಾಸನ ಎರಡು ಸಲ ಬರುತ್ತದೆ. ಒಂದು ಸುತ್ತಿಗೆ ನಾಲ್ಕು ಬಾರಿ ತಲೆ ಹೃದಯಕ್ಕಿಂತ ಕೆಳಗೆ ಹೋಗಿ ಮತ್ತೆ ಮೇಲೇಳುತ್ತದೆ, 12 ಸುತ್ತಿಗೆ 48 ಬಾರಿ. ಶೀರ್ಷಾಸನದಷ್ಟು ತೀವ್ರ ಅಲ್ಲ, ಆದರೆ ವೇಗವಾಗಿ ಮಾಡಿದರೆ ಒತ್ತಡದ ಏರಿಳಿತಕ್ಕೆ ಬಿಡುವೇ ಇರುವುದಿಲ್ಲ. ಪರ್ವತಾಸನದಲ್ಲೂ ಪಾದಹಸ್ತಾಸನದಲ್ಲೂ ಕಣ್ಣಿನ ಒತ್ತಡ ಏರುವುದು ಅಳತೆಯಲ್ಲಿ ಕಂಡಿದೆ. 2015ರಿಂದ ಜೂನ್ 21ಕ್ಕೆ ನಡೆಯುವ ಯೋಗ ದಿನದ ಸಾಮಾನ್ಯ ಕ್ರಮದಲ್ಲಿ ಶೀರ್ಷಾಸನ ಇಲ್ಲ, ಪಾದಹಸ್ತಾಸನ ಇದೆ. ಹಾಗಾಗಿ ಆ ದಿನ ಮೈದಾನದಲ್ಲಿ ಬಿಪಿ ಇರುವವರು ಅರ್ಧಕ್ಕೇ ಬಗ್ಗಿ ನಿಲ್ಲಿ ಎಂದು ಮೊದಲೇ ಕೂಗಿ ಹೇಳುತ್ತೇನೆ.

ಮಾಸ್ಟರ್‌ಗೆ ನಾನು ಹೇಳಿಕೊಟ್ಟದ್ದು ಅವರ ಕಟಿಂಗ್ ಟೇಬಲ್ಲೇ ಸಾಕಾಗುವಂಥದ್ದು. ಟೇಬಲ್ ಅವರ ಸೊಂಟದ ಎತ್ತರಕ್ಕಿದೆ. ಅದರ ಅಂಚು ಹಿಡಿದು, ಕಾಲು ಹಿಂದಕ್ಕೆ ಸರಿಸುತ್ತಾ ಬೆನ್ನು ನೆಲಕ್ಕೆ ಸಮಾನಾಂತರವಾಗುವವರೆಗೆ ಮಾತ್ರ ಬಗ್ಗಬೇಕು. ಕಿವಿಗಳು ತೋಳುಗಳ ನಡುವೆ ಇರಬೇಕು, ತಲೆ ಜೋತುಬೀಳಬಾರದು. ಆಗ ತಲೆ ಹೃದಯದ ಮಟ್ಟದಲ್ಲೇ ಇರುತ್ತದೆ, ತೊಡೆಯ ಹಿಂಭಾಗ ಮತ್ತು ಭುಜ ಚೆನ್ನಾಗಿ ಹಿಗ್ಗುತ್ತವೆ, ಕುತ್ತಿಗೆಗೂ ಹಾಯೆನಿಸುತ್ತದೆ. ಐದಾರು ಸಹಜ ಉಸಿರಾಟ, ಆಮೇಲೆ ಮೊದಲು ಹೆಜ್ಜೆ ಮುಂದಿಟ್ಟು ನಿಧಾನವಾಗಿ ಏಳಬೇಕು. ಶಶಾಂಕಾಸನ ಮಾಡುವಾಗ ಹಣೆಯನ್ನು ನೆಲಕ್ಕೆ ಇಳಿಸದೆ, ಎದುರಿಗಿಟ್ಟ ಕುರ್ಚಿಯ ಮೇಲೆ ಕೈ ಮಡಿಸಿ ಅದರ ಮೇಲೆ ಹಣೆಯಿಡಿ ಎಂದೆ. ಅನುಲೋಮ ವಿಲೋಮ ಉಂಟು, ಉಸಿರು ಹಿಡಿದಿಡುವ ಕುಂಭಕ ಇಲ್ಲ. ಭಸ್ತ್ರಿಕಾ, ಕಪಾಲಭಾತಿಯೂ ಇಲ್ಲ. ಕೊನೆಗೆ ಶವಾಸನಕ್ಕೆ ಸಮಯ ಕೊಟ್ಟು, ಮಗ್ಗುಲಾಗಿ ಒಂದಿಷ್ಟು ಹೊತ್ತು ಮಲಗಿ, ಆಮೇಲೆ ಕೂರುವುದು.

ಆಸನ ಮಾಡುವಾಗ ತಲೆ ಸಿಡಿಯುವುದು, ಕಣ್ಣ ಮುಂದೆ ಮಿಂಚು, ಕಿವಿಯಲ್ಲಿ ಗುಂಯ್ ಸದ್ದು, ಮೂಗಿನಲ್ಲಿ ರಕ್ತ, ಎದೆ ಬಿಗಿತ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಎದೆ ಬಿಗಿತ ಇಳಿಯದಿದ್ದರೆ ನೀರು ಕುಡಿಸುವುದು, ತಲೆ ತಿಕ್ಕುವುದು ಏನೂ ಮಾಡದೆ 108ಕ್ಕೆ ಫೋನ್ ಮಾಡಬೇಕು. ಇದನ್ನು ತರಗತಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಡಾಕ್ಟರ ಚೀಟಿಯ ಬಗ್ಗೆ ಒಂದು ಮಾತು. "ಯೋಗ ಮಾಡಬಹುದು" ಎಂದು ಬರೆಸಿಕೊಂಡು ಬರುವವರು ಬಹಳ. ಡಾಕ್ಟರ ಮನಸ್ಸಿನಲ್ಲಿದ್ದದ್ದು ಪ್ರಾಣಾಯಾಮ, ಬಂದವರ ಮನಸ್ಸಿನಲ್ಲಿರುವುದು ಶೀರ್ಷಾಸನ. ಅದಕ್ಕೆ ನಾನೀಗ ಪ್ರಶ್ನೆಯನ್ನು ನಾನೇ ಬರೆದು ಕಳಿಸುತ್ತೇನೆ: "ಇವರು ತಲೆಯನ್ನು ಹೃದಯಕ್ಕಿಂತ ಕೆಳಗೆ ತರುವ ಆಸನ ಮಾಡಬಹುದೇ? ಎಷ್ಟು ಹೊತ್ತು? ಕಣ್ಣಿನ ಪರದೆಯ ಪರೀಕ್ಷೆ ಆಗಿದೆಯೇ?" ಮಾಸ್ಟರ್ ತಂದ ಚೀಟಿಯಲ್ಲಿ ಮೊದಲನೆಯದಕ್ಕೆ "ಬೇಡ" ಎಂದಿತ್ತು, ಕೊನೆಯದಕ್ಕೆ ಕಣ್ಣಿನ ಡಾಕ್ಟರಿಗೆ ತೋರಿಸಲು ಬರೆದಿದ್ದರು. ಅಲ್ಲಿಯೂ ಹೋಗಿಬಂದರು. ಪರದೆಯ ರಕ್ತನಾಳಗಳಲ್ಲಿ ಬಿಪಿಯ ಗುರುತು ಆಗಲೇ ಮೂಡಿದೆ, ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು ಎಂದು ಹೇಳಿ ಕಳಿಸಿದ್ದರು.