ಬೆಸ್ಟ್ ಬರಹಗಳ ಫೈಲು

“ಮೇಡಂ, ಮಕ್ಕಳ ಬೆಸ್ಟ್ ಬರಹಗಳನ್ನೆಲ್ಲ ಸೇರಿಸಿ ಪೋರ್ಟ್‌ಫೋಲಿಯೊ ಮಾಡಿಸಿದ್ದೀವಿ. ವರ್ಷದಲ್ಲಿ ಎಷ್ಟು ಬೆಳೆದಿದ್ದಾರೆ ಅನ್ನೋದಕ್ಕೆ ಅಂಕ ಹೇಗೆ ಕೊಡೋದು?”

ಕೊಡೋಕಾಗಲ್ಲ. ಬೆಸ್ಟ್ ಅಂತ ಆರಿಸಿದ ದಿನವೇ ಬೆಳವಣಿಗೆಯ ಸಾಕ್ಷ್ಯವೆಲ್ಲ ಕಸದಬುಟ್ಟಿ ಸೇರಿದೆ. ಮಗುವಿನ ಎತ್ತರ ಅಳೆಯಲು ಹೋದ ವರ್ಷದ ಗೆರೆ ಬೇಕು. ನೀವು ಆ ಗೆರೆ ಅಳಿಸಿ ಗೋಡೆಗೆ ಸುಣ್ಣ ಹೊಡೆದು, ಈಗ ನನ್ನ ಕೈಗೆ ಟೇಪು ಕೊಡುತ್ತಿದ್ದೀರಿ.

ಸಿಟ್ಟು ಬರಲು ಕಾರಣವಿದೆ. ಒಮ್ಮೆ ಒಬ್ಬ ಮೇಷ್ಟ್ರು ಒಂದು ಹುಡುಗಿಯ ಫೈಲನ್ನು ನನ್ನ ಮುಂದಿಟ್ಟು, “ಇವಳು ಹಿಂದೆ ಬಿದ್ದಿದ್ದಾಳೆ” ಎಂದರು. ಎಂಥ ಬರಹಕ್ಕೆ ಎಷ್ಟು ಅಂಕ ಎಂದು ಹೇಳುವ ನಾಲ್ಕು ಮಟ್ಟದ ರೂಬ್ರಿಕ್‌ನಲ್ಲಿ ಮೊದಲ ಬರಹಕ್ಕೆ 3, ಕೊನೆಯದಕ್ಕೆ 2. ಕಳೆದರೆ ಮೈನಸ್ ಒಂದು. ಲೆಕ್ಕ ಸರಿ, ಅರ್ಥ ಸೊನ್ನೆ. ಮೊದಲನೆಯದು ಕಳೆದುಹೋದ ಬೆಕ್ಕಿನ ಕಥೆ, ಮನೆಯಲ್ಲಿ ತಿದ್ದಿಸಿಕೊಂಡು ಬರೆದ ನಾಲ್ಕನೇ ಕರಡು. ಕೊನೆಯದು ಶಾಲೆಗೆ ಮೊಬೈಲ್ ತರಬೇಕೇ ಬೇಡವೇ ಎಂಬ ವಾದ, ಒಂದೇ ಪೀರಿಯಡ್‌ನಲ್ಲಿ ಒಬ್ಬಳೇ ಬರೆದದ್ದು. ಬಗೆ ಬೇರೆ, ಸಮಯ ಬೇರೆ, ಸಹಾಯ ಬೇರೆ. ಆ ಮೈನಸ್ ಒಂದರಲ್ಲಿ ಹುಡುಗಿ ಎಷ್ಟಿದ್ದಾಳೆ, ಮನೆಯವರು ಎಷ್ಟಿದ್ದಾರೆ ಎಂದು ಯಾರು ಹೇಳಬೇಕು?

ಅವಳ ರಫ್ ನೋಟ್‌ಬುಕ್ ತರಿಸಿದೆ. ಮೊದಲ ತಿಂಗಳಲ್ಲಿ ತರಗತಿಯಲ್ಲೇ ಗೀಚಿದ ಅಭಿಪ್ರಾಯ ಬರಹವೊಂದು ಸಿಕ್ಕಿತು. ಒಂಬತ್ತು ಸಾಲು. ಕಾರಣ ಒಂದೇ, ಅದನ್ನೇ ಮೂರು ಸಲ ಹೇಳಿದ್ದಾಳೆ. ಮೊಬೈಲ್ ಬರಹದಲ್ಲಾದರೋ ಮೂರು ಬೇರೆ ಬೇರೆ ಕಾರಣಗಳಿವೆ, “ತುರ್ತಿಗೆ ಬೇಕಲ್ಲ ಎನ್ನುವವರಿಗೆ” ಎಂದು ಎದುರು ವಾದಕ್ಕೂ ಉತ್ತರವಿದೆ. ಆದರೆ ಅದೇ ರೂಬ್ರಿಕ್ ಹಿಡಿದರೆ ಎರಡಕ್ಕೂ 2! “ಅಭಿಪ್ರಾಯವಿದೆ, ಆಧಾರ ಸಾಲದು” ಎಂಬ ಒಂದೇ ವಾಕ್ಯದೊಳಗೆ ಎರಡೂ ಹಿಡಿಯುತ್ತಿದ್ದವು. ಮಟ್ಟಗಳು ಅಷ್ಟು ಅಗಲವಾಗಿದ್ದರೆ ಒಂದು ವರ್ಷದ ಬೆಳವಣಿಗೆ ಒಂದೇ ಮಟ್ಟದೊಳಗೆ ಮುಳುಗಿಹೋಗುತ್ತದೆ. ಮೊದಲೇ 4ರಲ್ಲಿರುವ ಮಗುವಿಗಂತೂ ಬೆಳೆಯಲು ಜಾಗವೇ ಇಲ್ಲ.

ಹಾಗಾಗಿ ಅಂಕ ಬಿಟ್ಟು ಜೋಡಿ ಹೋಲಿಕೆಗೆ ಹೋದೆ. ಎರಡನ್ನೂ ಟೈಪ್ ಮಾಡಿಸಿ, ಕಾಗುಣಿತದ ತಪ್ಪುಗಳನ್ನು ಹಾಗೇ ಉಳಿಸಿ, ದಿನಾಂಕ ತೆಗೆದು, ಮೂವರು ಶಿಕ್ಷಕರಿಗೆ ಬೇರೆ ಬೇರೆಯಾಗಿ ಕೊಟ್ಟೆ. ಪ್ರಶ್ನೆ ಒಂದೇ: ಯಾವುದರಲ್ಲಿ ವಾದ ಗಟ್ಟಿ? ಮೂವರೂ ಕೊನೆಯದನ್ನೇ ತೋರಿಸಿದರು.

ದಿನಾಂಕ ತೆಗೆಯುವುದು ನನ್ನ ಚಪಲ ಎನ್ನುವವರಿಗೆ ಅದೇ ತರಗತಿಯ ಒಬ್ಬ ಹುಡುಗನ ಕಥೆ. ದಿನಾಂಕ ಕಾಣುವಾಗ ಅದೇ ಮೂವರೂ “ಎಷ್ಟು ಸುಧಾರಿಸಿದ್ದಾನೆ!” ಎಂದಿದ್ದರು. ಟೈಪ್ ಮಾಡಿಸಿ ದಿನಾಂಕ ತೆಗೆದಾಗ ಇಬ್ಬರು ಹಳೆಯ ಬರಹವನ್ನೇ ಮೇಲೆಂದರು. ಸುಧಾರಿಸಿದ್ದು ಅವನ ಕೈಬರಹ. ಉಳಿದದ್ದು ನಮ್ಮ ಆಸೆ.

ಮೌಲ್ಯಮಾಪಕರು ಒಬ್ಬರಿಗೊಬ್ಬರು ಒಪ್ಪದಿರುವುದು ಹಳೆಯ ಕಾಯಿಲೆ. ಅಮೆರಿಕದ ವರ್ಮಾಂಟ್ ರಾಜ್ಯ 1990ರ ದಶಕದ ಆರಂಭದಲ್ಲಿ ರಾಜ್ಯದಾದ್ಯಂತ ಪೋರ್ಟ್‌ಫೋಲಿಯೊ ತಂದಾಗ, ಸಂಶೋಧಕ ಡೇನಿಯಲ್ ಕೊರೆಟ್ಜ್ ಮತ್ತವರ ಸಂಗಡಿಗರು ಪರಿಶೀಲಿಸಿ ಕಂಡದ್ದೂ ಇದನ್ನೇ: ಒಂದೇ ಫೈಲಿಗೆ ಇಬ್ಬರು ಕೊಟ್ಟ ಅಂಕಗಳು ನೆಚ್ಚಿಕೊಳ್ಳುವಷ್ಟು ಹೊಂದುತ್ತಿರಲಿಲ್ಲ. ಇಂಥ ಎರಡು ಅಂಕಗಳನ್ನು ಒಂದರಿಂದೊಂದು ಕಳೆದರೆ ಎರಡರ ದೋಷವೂ ವ್ಯತ್ಯಾಸಕ್ಕೆ ಬಂದು ಸೇರುತ್ತದೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ: “ಮೊದಲ ವಾರದಲ್ಲಿ ಏನು ಎತ್ತಿಡಬೇಕು?” ಜೂನ್ ಆಗಲಿ ಜನವರಿಯಾಗಲಿ, ಶುರುವಾದ ವಾರವೇ ಯಾರ ಸಹಾಯವೂ ಇಲ್ಲದ ನಲವತ್ತು ನಿಮಿಷದ ಒಂದು ಬರಹ ಬರೆಸಿ, ತಿದ್ದದೆ ಎತ್ತಿಡಿ. ಅದೇ ಬಗೆಯ, ಅಷ್ಟೇ ಕಷ್ಟದ ವಿಷಯವನ್ನು ಅಷ್ಟೇ ಸಮಯ ಕೊಟ್ಟು ವರ್ಷದ ನಡುವೆ ಒಮ್ಮೆ, ಕೊನೆಗೊಮ್ಮೆ ಬರೆಸಿ. ಹೋಲಿಸಬೇಕಾದ್ದು ಇವನ್ನು ಮಾತ್ರ. ಇದರ ಜೊತೆಗೆ ಒಂದು ಬರಹದ ಎಲ್ಲ ಕರಡುಗಳೂ ಇರಲಿ. ತಿದ್ದುವಾಗ ಮಗು ಬರೀ ಕಾಗುಣಿತ ಮುಟ್ಟುತ್ತದೋ, ಪ್ಯಾರಾವನ್ನೇ ಎತ್ತಿ ಬೇರೆ ಕಡೆ ಇಡುತ್ತದೋ ಎನ್ನುವುದು ಅಲ್ಲಿ ಕಾಣುತ್ತದೆ. ಬೆಸ್ಟ್ ಬರಹವನ್ನೂ ಮಗುವೇ ಆರಿಸಿ ಹಾಕಲಿ, ಪಾಪ, ಅದನ್ನೇಕೆ ಬೇಡ ಅನ್ನಲಿ.

ಅಂಕ ಬೇಕೇ ಬೇಕೆಂದರೆ ವರ್ಷದ ಕೊನೆಯ ಬರಹಗಳಿಗೆ ಕೊಡಿ. ಬೆಳವಣಿಗೆಯನ್ನು ಪಕ್ಕದಲ್ಲಿ ಮಾತಿನಲ್ಲಿ ಬರೆಯಿರಿ: “ಒಂದೇ ಕಾರಣ ಕೊಡುತ್ತಿದ್ದಳು, ಈಗ ಎದುರು ವಾದಕ್ಕೂ ಉತ್ತರಿಸುತ್ತಾಳೆ.” ಬೆಳವಣಿಗೆಗೇ ಅಂಕವಿಟ್ಟರೆ ಚುರುಕಾದ ಮಕ್ಕಳು ಮರುವರ್ಷ ಮೊದಲ ಬರಹವನ್ನು ಬೇಕೆಂದೇ ಹಾಳು ಮಾಡುತ್ತಾರೆ. ನಾನಾಗಿದ್ದರೆ ಮಾಡುತ್ತಿದ್ದೆ.

ಇಷ್ಟೆಲ್ಲ ಹೇಳಿ ಆ ಒಂಬತ್ತು ಸಾಲಿನ ಹಾಳೆಯನ್ನು ಹುಡುಗಿಯ ಫೈಲಿಗೆ ಸೇರಿಸಲು ಹೊರಟೆ. ಮೇಷ್ಟ್ರು ಕೈ ಹಿಡಿದು ತಡೆದರು.

“ತಾಳಿ ಮೇಡಂ, ಫೇರ್ ಮಾಡಿಸಿ ಹಾಕೋಣ.”