ಒಂಬತ್ತನೇ ದಿನ ಎದ್ದ ಬಳ್ಳಿ

ಮಡಿಕೇರಿ ದಸರಾದ ಕೊನೆಯ ರಾತ್ರಿ, ಮಂಟಪಗಳು ಹೊರಡುವ ಮೊದಲು, ಕಾಲೇಜು ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಕೂತು ಮುಂಗೈಗೆ ಕಪ್ಪು ಮೆಹಂದಿಯ ಬಳ್ಳಿ ಹಾಕಿಸಿಕೊಂಡಳು. ಅರ್ಧ ಗಂಟೆಗೆ ತೊಳೆದರೆ ಕಡುಗಪ್ಪು ಬಣ್ಣ. ಒಂಬತ್ತನೇ ದಿನ ತುರಿಕೆ ಶುರುವಾಯಿತು. ಮರುದಿನ ಬಳ್ಳಿಯ ಉದ್ದಕ್ಕೂ ಚರ್ಮ ಕೆಂಪಗೆ ಉಬ್ಬಿ, ಎಲೆ ಬರೆದಲ್ಲೆಲ್ಲ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು.

ತೋಟದಲ್ಲಿ ಕಂಬಳಿಹುಳ ತಾಗಿರಬೇಕೆಂದು ತಾಯಿಯ ಊಹೆ. "ಮೆಹಂದಿ ಆಗಿದ್ರೆ ಅವತ್ತೇ ಆಗ್ಬೇಕಿತ್ತಲ್ವಾ ಡಾಕ್ಟ್ರೇ?" ಎಂದು ಕೇಳಿದರು. ಕಂಬಳಿಹುಳವಾದರೆ ಉರಿ ಸಾಮಾನ್ಯವಾಗಿ ಅವತ್ತೇ ಏಳುತ್ತದೆ, ಅದೂ ಎಲ್ಲೆಂದರಲ್ಲಿ. ಹುಳ ಬಳ್ಳಿಯ ಚಿತ್ರ ಬರೆಯುವುದಿಲ್ಲ.

ಮದರಂಗಿ ಸೊಪ್ಪು ಅರ್ಧ ಗಂಟೆಯಲ್ಲಿ ಕಪ್ಪು ಬಣ್ಣ ಕೊಡುವುದೇ ಇಲ್ಲ. ಅದನ್ನು ಗಂಟೆಗಟ್ಟಲೆ ಬಿಡಬೇಕು. ಮೊದಲು ಕಿತ್ತಳೆ, ಒಂದೆರಡು ದಿನಕ್ಕೆ ಕೆಂಗಂದು. ಹೀಗೆ ದಿಢೀರ್ ಕಪ್ಪಾಯಿತೆಂದರೆ ತಲೆಗೂದಲಿನ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುವ ಸಂಭವವೇ ಹೆಚ್ಚು. ಮೊದಲ ಸಲ ತಾಗಿದಾಗ ದೇಹಕ್ಕೆ ಅದನ್ನು ಗುರುತಿಟ್ಟುಕೊಂಡು ತಿರುಗಿಬೀಳಲು ಒಂದೆರಡು ವಾರ ಬೇಕು. ಆ ಹೊತ್ತಿಗೆ ಚರ್ಮದಲ್ಲಿ ಉಳಿದಿದ್ದ ಬಣ್ಣದ ಮೇಲೆಯೇ ಗುಳ್ಳೆ ಏಳುತ್ತದೆ. ಎರಡನೇ ಸಲ ಇಷ್ಟು ಕಾಯಿಸದು, ಒಂದರಿಂದ ಮೂರು ದಿನ ಸಾಕು.

ಬರುವಷ್ಟರಲ್ಲಿ ಮನೆಯಲ್ಲಿ ಬೇವು-ಅರಿಶಿನ ಅರೆದು ಹಚ್ಚಿಯಾಗಿತ್ತು. ಒಡೆದ ಗುಳ್ಳೆಯ ಮೇಲೆ ಅದು ಒಣಗಿ ಅಂಟಿಕೊಂಡು, ಕೆಳಗೆ ಏನಾಗಿದೆ ಎಂದೇ ಕಾಣುತ್ತಿರಲಿಲ್ಲ. ತಣ್ಣೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಬೇಕಾಯಿತು. ಕಪ್ಪು ಬಣ್ಣವನ್ನು ನಿಂಬೆಹಣ್ಣಿನಿಂದ ಉಜ್ಜಿ ತೆಗೆಯಲು ಹೋಗುವವರೂ ಇದ್ದಾರೆ. ಬಣ್ಣ ಹೋಗದು, ಚರ್ಮ ಹೋಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಕಡಿಮೆಯೇ. ಸೌಮ್ಯ ಸೋಪು ಹಾಕಿ ಒಮ್ಮೆ ತೊಳೆದು, ಶುದ್ಧ ಹತ್ತಿಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹತ್ತು-ಹದಿನೈದು ನಿಮಿಷ ಇಡುವುದು, ದಿನಕ್ಕೆ ಮೂರ್ನಾಲ್ಕು ಬಾರಿ. ಗುಳ್ಳೆ ಚುಚ್ಚಬಾರದು. ತಾನಾಗಿ ಒಡೆದರೆ ವ್ಯಾಸಲೀನ್ ಹಚ್ಚಿ, ಅಂಟದ ಪಟ್ಟಿ ಕಟ್ಟಬೇಕು. ಅಲರ್ಜಿ ಮಾತ್ರೆ ರಾತ್ರಿ ನಿದ್ದೆಗೆ ನೆರವಾದೀತು, ಗುಳ್ಳೆಯನ್ನು ಇಳಿಸದು. ಅದಕ್ಕೆ ಬೇಕಾದದ್ದು ಸ್ಟಿರಾಯ್ಡ್ ಮುಲಾಮು; ಎಷ್ಟು ಬಲದ್ದು, ಎಷ್ಟು ದಿನ ಎಂಬುದನ್ನು ಡಾಕ್ಟರೇ ಹೇಳಬೇಕು. ಮೆಡಿಕಲ್‌ನಲ್ಲಿ ಕೇಳಿದೊಡನೆ ಕೊಡುವ 'ಎಲ್ಲದಕ್ಕೂ ಒಂದೇ' ಮುಲಾಮುಗಳಲ್ಲಿ ಕೆಲವೊಮ್ಮೆ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಇರುತ್ತದೆ. ಅದೇ ಇನ್ನೊಂದು ಅಲರ್ಜಿ ತರಬಲ್ಲದು.

ಹಳದಿ ಕೀವು, ಹರಡುವ ಕೆಂಪು, ಜ್ವರ ಕಂಡರೆ ಅದೇ ದಿನ ತೋರಿಸಬೇಕು. ಮುಖ, ಕಣ್ಣು ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ನೇರ ತುರ್ತು ಚಿಕಿತ್ಸೆಗೆ.

ಈ ಹುಡುಗಿಯ ಗುಳ್ಳೆ ಎರಡು ವಾರದಲ್ಲಿ ಒಣಗಿತು. ಬಳ್ಳಿ ಮಾತ್ರ ಬಿಳಿಚಿಕೊಂಡು ಅಲ್ಲೇ ಉಳಿಯಿತು. ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಚೀಟಿಯ ತಲೆಯ ಮೇಲೆ 'ಪಿಪಿಡಿ ಅಲರ್ಜಿ' ಎಂದು ಕೆಂಪು ಶಾಯಿಯಲ್ಲಿ ಬರೆದದ್ದನ್ನು ಓದಿದ ತಾಯಿ, ಮನೆಯಲ್ಲಿರುವ ತಮ್ಮ ಹೇರ್ ಡೈ ಡಬ್ಬಿಯಲ್ಲೂ ಅದೇ ಇದೆಯೇ ಎಂದು ಕೇಳಿದರು. ಬಹುಮಟ್ಟಿಗೆ ಇರುತ್ತದೆ. ಅವರಿಗೆ ಇದುವರೆಗೆ ಏನೂ ಆಗಿಲ್ಲ; ಮಗಳು ಮಾತ್ರ ಆ ಡಬ್ಬಿಯನ್ನು ಇನ್ನು ಮುಟ್ಟುವಂತಿಲ್ಲ, ಕೂದಲು ನರೆತ ಮೇಲೂ.